ವೀಸಾ ಸರಿ ಇದ್ದರೂ ವಿಮಾನ ಹತ್ತಿಸುವುದಿಲ್ಲ, ಯಾಕೆ?

ವೀಸಾ ಕೈಯಲ್ಲಿದೆ, ಅದರ ಅವಧಿಯೂ ಉಳಿದಿದೆ. ಆದರೂ ಚೆಕ್‌ಇನ್ ಕೌಂಟರ್‌ನಲ್ಲಿ ‘ನಿಮಗೆ ಬೋರ್ಡಿಂಗ್ ಪಾಸ್ ಕೊಡೋಕಾಗಲ್ಲ’ ಅನ್ನುತ್ತಾರೆ. ಕೇಳಿದರೆ ಸಿಗುವ ಉತ್ತರ ಒಂದೊಂದು ಸಲ ಒಂದೊಂದು. ಪಾಸ್‌ಪೋರ್ಟ್‌ಗೆ ಆರು ತಿಂಗಳು ಇಲ್ಲ, ಖಾಲಿ ಪುಟ ಸಾಲದು, ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಆಯಿತು. ಈ ನಿಯಮಗಳು ಒಂದೇ ಕಡೆ, ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಅದಕ್ಕೇ ಇಷ್ಟು ಗೋಜಲು.

ಮೊದಲ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಬಹುಪಾಲು ಕಡೆ ಪಾಸ್‌ಪೋರ್ಟ್ ಇಲ್ಲದೆ ಓಡಾಡಬಹುದಿತ್ತು. ಯುದ್ಧ ಅದನ್ನು ಕಡ್ಡಾಯ ಮಾಡಿತು. 1920ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಲೀಗ್ ಆಫ್ ನೇಷನ್ಸ್ ಸಮ್ಮೇಳನ 32 ಪುಟಗಳ ಒಂದೇ ಮಾದರಿಯ ಪುಸ್ತಕ ಸಾಕು ಎಂದು ಸಲಹೆ ಕೊಟ್ಟಿತು. ಪುಸ್ತಕದ ಆಕಾರದ ಮಾತು ಅಲ್ಲಿಗೆ ಒಂದು ಹದಕ್ಕೆ ಬಂತು. ಆದರೆ ಆ ಪುಸ್ತಕದಲ್ಲಿ ಇನ್ನೆಷ್ಟು ದಿನ ಉಳಿದಿರಬೇಕು, ಎಷ್ಟು ಪುಟ ಖಾಲಿ ಇರಬೇಕು ಅನ್ನುವುದನ್ನು ಒಂದೊಂದು ದೇಶ ಒಂದೊಂದು ರೀತಿ ಬರೆದುಕೊಂಡಿತು. ಇವತ್ತಿಗೂ ಅದಕ್ಕೆ ಒಂದೇ ಜಾಗತಿಕ ನಿಯಮ ಇಲ್ಲ.

ಆರು ತಿಂಗಳು ಯಾಕೆ ಬೇಕು? ವೀಸಾ ಅನ್ನುವುದು ಆ ದೇಶದ ಬಾಗಿಲಿಗೆ ಬರಲು ಕೊಟ್ಟ ಅನುಮತಿ. ಒಳಗೆ ಬಿಡುವುದು ಗಡಿಯಲ್ಲಿ ಕೂತ ಅಧಿಕಾರಿಯ ತೀರ್ಮಾನ. ಅವರು ಯೋಚಿಸುವುದು ಬಂದವರು ವಾಪಸ್ ಹೋಗುವುದರ ಬಗ್ಗೆ. ಬಂದವರಿಗೆ ಕಾಯಿಲೆ ಬಂದು ಹೊರಡುವುದು ತಡವಾಗಬಹುದು. ಅವಧಿ ಮೀರಿ ಉಳಿದುಬಿಡಬಹುದು, ಅವರನ್ನು ವಾಪಸ್ ಕಳಿಸಬೇಕಾಗಿ ಬರಬಹುದು. ಅಷ್ಟರಲ್ಲಿ ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೆ ಕಳಿಸುವುದು ಹೇಗೆ? ಈ ಚಿಂತೆಗೆ ಇಟ್ಟುಕೊಂಡ ಹೆಚ್ಚುವರಿ ಕಾಲವೇ ಆ ಆರು ತಿಂಗಳು.

ಇದೇ ನಿಜವಾದ ಕಾರಣ ಅನ್ನುವುದು ಅಮೆರಿಕದ ನಿಯಮ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಉಳಿಯುವ ಅವಧಿ ಮುಗಿದ ಮೇಲೂ ಪಾಸ್‌ಪೋರ್ಟ್ ಆರು ತಿಂಗಳು ಚಾಲ್ತಿಯಲ್ಲಿರಬೇಕು. ಆದರೆ ಹಲವು ದೇಶಗಳು ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿವೆ. ಪಾಸ್‌ಪೋರ್ಟ್ ಅವಧಿ ಮುಗಿದು ಆರು ತಿಂಗಳವರೆಗೆ ತಮ್ಮವರನ್ನು ವಾಪಸ್ ಸೇರಿಸಿಕೊಳ್ಳುತ್ತೇವೆ ಅನ್ನುವುದೇ ಆ ಒಪ್ಪಂದ. ಅಂಥ ದೇಶದವರಿಗೆ ಉಳಿಯುವ ದಿನಗಳಿಗೆ ಸಾಲುವಷ್ಟು ಅವಧಿ ಇದ್ದರೆ ಸಾಕು. ವಾಪಸ್ ಕಳಿಸುವ ಚಿಂತೆ ತೀರಿದ ಕಡೆ ಆರು ತಿಂಗಳ ಷರತ್ತೂ ಸಡಿಲವಾಯಿತು.

ಹಾಗಾದರೆ ಗಡಿಯಲ್ಲಿ ಆಗಬೇಕಾದ ತೀರ್ಮಾನ ಸಾವಿರಾರು ಕಿಲೋಮೀಟರ್ ದೂರದ ಕೌಂಟರ್‌ಗೆ ಬಂದಿದ್ದು ಹೇಗೆ? ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1944ರ ಷಿಕಾಗೊ ಒಪ್ಪಂದದಿಂದ ನಾಗರಿಕ ವಿಮಾನಯಾನದ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಒ ಹುಟ್ಟಿತು. ಆ ಒಪ್ಪಂದದ 9ನೇ ಅನುಬಂಧ 1949ರಲ್ಲಿ ಬಂತು. ಇವತ್ತು ಅದು ಹೇಳುವುದು ಇಷ್ಟು: ಪ್ರಯಾಣಿಕರ ಬಳಿ ಬೇಕಾದ ದಾಖಲೆ ಇದೆಯೇ ಎಂದು ಹತ್ತುವ ಜಾಗದಲ್ಲೇ ವಿಮಾನ ಸಂಸ್ಥೆ ನೋಡಬೇಕು. ಇಳಿದ ಕಡೆ ಒಳಗೆ ಬಿಡದಿದ್ದರೆ ವಾಪಸ್ ಕರೆದೊಯ್ಯುವ ಹೊಣೆಯೂ ಅದರದೇ.

ಆಮೇಲೆ ಪ್ರಯಾಣಿಕರನ್ನು ಕರೆತಂದ ಸಂಸ್ಥೆಗೆ ದಂಡ ಬಂತು. ಹಡಗುಗಳ ಕಾಲದಲ್ಲೇ ಅಮೆರಿಕದಲ್ಲಿ ಇಂಥ ದಂಡ ಇತ್ತು. ಬ್ರಿಟನ್ 1987ರಲ್ಲಿ ಕಾನೂನು ತಂದು, ಸರಿಯಾದ ದಾಖಲೆ ಇಲ್ಲದ ಒಬ್ಬ ಪ್ರಯಾಣಿಕನಿಗೆ 1,000 ಪೌಂಡ್ ಎಂದು ಗೊತ್ತು ಮಾಡಿತು. ಮುಂದೆ ಅದು 2,000 ಆಯಿತು. ಯುರೋಪಿಯನ್ ಒಕ್ಕೂಟ 2001ರಲ್ಲಿ ತನ್ನ ಸದಸ್ಯ ದೇಶಗಳಿಗೆ ಮೂರು ದಾರಿ ಕೊಟ್ಟಿತು. ಒಬ್ಬರಿಗೆ ಕನಿಷ್ಠ 3,000 ಯುರೋ ದಂಡ ಹಾಕಬೇಕು, ಇಲ್ಲವೇ ಒಬ್ಬರಿಗೆ ಹಾಕುವ ಗರಿಷ್ಠ ದಂಡವನ್ನು 5,000 ಯುರೋಗಿಂತ ಕಡಿಮೆ ಇಡಬಾರದು, ಅದೂ ಇಲ್ಲವೇ ಒಂದು ಪ್ರಕರಣಕ್ಕೆ ಒಟ್ಟಾಗಿ ಹಾಕುವ ಗರಿಷ್ಠ ದಂಡವನ್ನು 5 ಲಕ್ಷ ಯುರೋಗಿಂತ ಕಡಿಮೆ ಇಡಬಾರದು. ಇದರ ಜೊತೆಗೆ ವಾಪಸ್ ಕರೆತರುವ ಸೀಟಿನ ಖರ್ಚು, ಅಲ್ಲಿಯವರೆಗೆ ಪ್ರಯಾಣಿಕನನ್ನು ನೋಡಿಕೊಳ್ಳುವ ಖರ್ಚು ಬೇರೆ.

ಈಗ ಕೌಂಟರ್‌ನಲ್ಲಿ ನಿಂತ ಸಿಬ್ಬಂದಿಯ ಕಡೆಯಿಂದ ನೋಡಿ. ಅನುಮಾನದ ದಾಖಲೆ ಇದ್ದವರನ್ನು ಹತ್ತಿಸಿ ಎಡವಟ್ಟಾದರೆ ಸಂಸ್ಥೆಗೆ ದಂಡ. ದಾಖಲೆ ಸರಿ ಇದ್ದವರನ್ನು ತಪ್ಪಾಗಿ ತಡೆದರೆ ಆ ಕ್ಷಣಕ್ಕೆ ನಷ್ಟ ಆಗುವುದು ಪ್ರಯಾಣಿಕರಿಗೆ. ಎರಡೂ ತಪ್ಪೇ, ಆದರೆ ಎರಡರ ಬೆಲೆ ಒಂದೇ ಅಲ್ಲ. ಇಂಥ ಲೆಕ್ಕ ಮುಂದಿಟ್ಟುಕೊಂಡವರು ಅನುಮಾನ ಬಂದಾಗ ‘ಬೇಡ’ ಅನ್ನುವುದು ಸಹಜ ಅಲ್ವಾ?

ಸಿಬ್ಬಂದಿ ನೋಡುವುದು ಟಿಮ್ಯಾಟಿಕ್ ಅನ್ನುವ ಮಾಹಿತಿ ಕೋಶವನ್ನು. ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎ ಅದನ್ನು ನಡೆಸುತ್ತದೆ. ಯಾವ ದೇಶದ ಪಾಸ್‌ಪೋರ್ಟ್, ಯಾವಾಗ ಮುಗಿಯುತ್ತದೆ, ಎಲ್ಲಿಗೆ ಪ್ರಯಾಣ, ನಡುವೆ ಎಲ್ಲಿ ವಿಮಾನ ಬದಲು ಎಂದು ತುಂಬಿಸಿದರೆ ಆ ದೇಶದ ನಿಯಮ ಪರದೆಯ ಮೇಲೆ ಬರುತ್ತದೆ. ಕೋಶದಲ್ಲಿ ಇದ್ದಂತೆ ನಡೆದರೆ ಸಿಬ್ಬಂದಿಗೆ ರಕ್ಷಣೆ. ನಿಮ್ಮ ಕೈಯಲ್ಲಿ ರಾಯಭಾರ ಕಚೇರಿಯ ಇಮೇಲ್ ಇದ್ದರೂ ಅವರು ಪರದೆಯನ್ನೇ ನಂಬುತ್ತಾರೆ.

ದಿನದ ಲೆಕ್ಕ ಎಲ್ಲಿ ತಪ್ಪುತ್ತದೆ ಅನ್ನುವುದಕ್ಕೆ ಇಂಡೊನೇಷ್ಯಾವನ್ನು ತೆಗೆದುಕೊಳ್ಳೋಣ. ಅಲ್ಲಿ ಪಾಸ್‌ಪೋರ್ಟ್ ತಲುಪುವ ದಿನದಿಂದ ಆರು ತಿಂಗಳು ಚಾಲ್ತಿಯಲ್ಲಿರಬೇಕು. ಒಬ್ಬರ ಪಾಸ್‌ಪೋರ್ಟ್ ಸೆಪ್ಟೆಂಬರ್ 10ಕ್ಕೆ ಮುಗಿಯುತ್ತದೆ ಅನ್ನಿ. ವಿಮಾನ ಹೊರಡುವುದು ಮಾರ್ಚ್ 10ರ ರಾತ್ರಿ ಹನ್ನೊಂದೂವರೆಗೆ. ಹೊರಡುವ ದಿನದಿಂದ ಎಣಿಸಿದರೆ ಆರು ತಿಂಗಳು ಸರಿಯಾಗಿ ಇದೆ. ಆದರೆ ವಿಮಾನ ಇಳಿಯುವುದು ಮಾರ್ಚ್ 11ರ ಬೆಳಗ್ಗೆ. ಅಲ್ಲಿಂದ ಎಣಿಸಿದರೆ ಸೆಪ್ಟೆಂಬರ್ 11ರವರೆಗೆ ಇರಬೇಕು. ಒಂದೇ ಒಂದು ದಿನ ಕಡಿಮೆ. ಆನ್‌ಲೈನ್‌ನಲ್ಲಿ ವೀಸಾ ಮೊದಲೇ ಸಿಕ್ಕಿದ್ದರೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೌಂಟರ್‌ನಲ್ಲಿ ಇದಕ್ಕೆ ಚೌಕಾಸಿ ನಡೆಯುವುದಿಲ್ಲ. ಗಾಬರಿಯಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು ಅದೇ ಇ-ವೀಸಾದ ಜೊತೆ ಹೊರಟರೆ ಮತ್ತೊಂದು ತೊಡಕು. ಇ-ವೀಸಾ ಹಳೆ ಪಾಸ್‌ಪೋರ್ಟ್‌ನ ಸಂಖ್ಯೆಗೆ ಅಂಟಿಕೊಂಡಿರುತ್ತದೆ.

ಖಾಲಿ ಪುಟದ ಕಥೆ ಚಿಕ್ಕದು, ಆದರೆ ಜನ ಜಾಸ್ತಿ ಮರೆಯುವುದು ಇದನ್ನೇ. ವೀಸಾ ಸ್ಟಿಕ್ಕರ್ ಒಂದಕ್ಕೇ ಒಂದು ಪೂರ್ತಿ ಪುಟ ಬೇಕು. ಒಳಗೆ ಹೋಗುವಾಗ, ಹೊರಗೆ ಬರುವಾಗ ಹಾಕುವ ಮುದ್ರೆಗೂ ಜಾಗ ಬೇಕು. ಹಾಗಾಗಿ ತಮ್ಮ ನಡುವಿನ ಗಡಿ ತಪಾಸಣೆ ಬಿಟ್ಟ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದ ವೀಸಾ ನಿಯಮ ಎರಡು ಖಾಲಿ ಪುಟ ಕೇಳುತ್ತದೆ. ಎಣಿಕೆಗೆ ಬರುವುದು ವೀಸಾಗೆಂದು ಬಿಟ್ಟ ಪುಟ ಮಾತ್ರ. ಸರ್ಕಾರದ ಟಿಪ್ಪಣಿಗೆಂದು ಮೀಸಲಿಟ್ಟ ಪುಟ ಖಾಲಿ ಇದ್ದರೂ ಲೆಕ್ಕಕ್ಕಿಲ್ಲ. ಮೂಲೆಯಲ್ಲಿ ಒಂದು ಹಳೆ ಮುದ್ರೆ ಇದ್ದರೆ ಆ ಪುಟವೂ ಖಾಲಿ ಅಲ್ಲ. ಹಿಂದೆ ಅಮೆರಿಕದವರು ಪುಟ ಮುಗಿದರೆ ಹೆಚ್ಚುವರಿ ಹಾಳೆ ಹೊಲಿಸಿಕೊಳ್ಳಬಹುದಿತ್ತು. ಭದ್ರತೆಯ ಕಾರಣಕ್ಕೆ 2016ರಿಂದ ಅದು ನಿಂತಿತು. ಈಗ ಪುಟ ಮುಗಿದರೆ ಹೊಸ ಪಾಸ್‌ಪೋರ್ಟ್ ಒಂದೇ ದಾರಿ. ಇತ್ತ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಮುದ್ರೆ ಬಿಟ್ಟು ಬೆರಳಚ್ಚು, ಮುಖಚಿತ್ರ ದಾಖಲಿಸಲು ಶುರು ಮಾಡಿವೆ. ಸ್ಟಿಕ್ಕರ್ ಅಂಟಿಸುವವರೆಗೆ ಪುಟದ ಷರತ್ತಿಗೆ ಮಾತ್ರ ಅರ್ಥ ಇದ್ದೇ ಇದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಎಬ್ಬಿಸಿದ್ದು ಷೆಂಗೆನ್‌ನ ಹತ್ತು ವರ್ಷದ ನಿಯಮ. 2013ರ ಜುಲೈನಲ್ಲಿ ಗಡಿ ನಿಯಮಕ್ಕೆ ಎರಡು ಷರತ್ತು ಸೇರಿದವು. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಷೆಂಗೆನ್ ಬಿಟ್ಟು ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಹತ್ತು ವರ್ಷಕ್ಕೇ ಮುಗಿಯುವ ಪಾಸ್‌ಪೋರ್ಟ್ ಇದ್ದವರಿಗೆ ಮೊದಲ ಷರತ್ತು ತೊಡಕಾಗಲೇ ಇಲ್ಲ. ಬ್ರಿಟನ್‌ನ ಪಾಸ್‌ಪೋರ್ಟ್ ಹಾಗಿರಲಿಲ್ಲ. 2018ರ ಸೆಪ್ಟೆಂಬರ್‌ವರೆಗೆ ಅಲ್ಲಿ ಹಳೆ ಪಾಸ್‌ಪೋರ್ಟ್‌ನಲ್ಲಿ ಉಳಿದ ಅವಧಿಯಲ್ಲಿ ಒಂಬತ್ತು ತಿಂಗಳವರೆಗೆ ಹೊಸದಕ್ಕೆ ಸೇರಿಸುತ್ತಿದ್ದರು. ಹಾಗಾಗಿ ಕೆಲವು ಹತ್ತು ವರ್ಷ ಒಂಬತ್ತು ತಿಂಗಳು ಓಡುತ್ತಿದ್ದವು. ಯುರೋಪಿಯನ್ ಒಕ್ಕೂಟದಲ್ಲಿ ಇರುವವರೆಗೆ ಬ್ರಿಟಿಷರಿಗೆ ಈ ನಿಯಮ ತಗುಲಲಿಲ್ಲ. 2021ರ ಜನವರಿಯಿಂದ ತಗುಲಿತು.

ಆಗ ಕೆಲವು ವಿಮಾನ ಸಂಸ್ಥೆಗಳು ಎರಡೂ ಷರತ್ತನ್ನು ಕೂಡಿಸಿ ಓದಿದವು. ಮೂರು ತಿಂಗಳು ಕೂಡ ಆ ಹತ್ತು ವರ್ಷದೊಳಗೇ ಇರಬೇಕು ಎಂದುಕೊಂಡು ಜನರನ್ನು ವಾಪಸ್ ಕಳಿಸಿದವು. 2022ರಲ್ಲಿ ಯುರೋಪಿಯನ್ ಕಮಿಷನ್ ಅದನ್ನು ಬಿಡಿಸಿ ಹೇಳಿತು. ಹತ್ತು ವರ್ಷವನ್ನು ಒಳಗೆ ಹೋಗುವ ದಿನಕ್ಕೆ ನೋಡಬೇಕು, ಮೂರು ತಿಂಗಳನ್ನು ಹೊರಗೆ ಬರುವ ದಿನದಿಂದ ಎಣಿಸಬೇಕು. ಎರಡೂ ಬೇರೆ ಬೇರೆ. ಉದಾಹರಣೆಗೆ, 2015ರ ಮಾರ್ಚ್ 20ಕ್ಕೆ ಕೊಟ್ಟ, 2025ರ ಡಿಸೆಂಬರ್ 20ಕ್ಕೆ ಮುಗಿಯುವ ಪಾಸ್‌ಪೋರ್ಟ್. 2025ರ ಮಾರ್ಚ್ 10ಕ್ಕೆ ಒಳಗೆ ಹೋಗಿ 24ಕ್ಕೆ ವಾಪಸ್ ಬಂದರೆ ಎರಡೂ ಷರತ್ತು ದಾಟಿದಂತೆ. ನಡುವೆ ಹತ್ತು ವರ್ಷ ತುಂಬಿದರೂ ಪರವಾಗಿಲ್ಲ. ಅದೇ ಪಾಸ್‌ಪೋರ್ಟ್ ಹಿಡಿದು ಮಾರ್ಚ್ 25ಕ್ಕೆ ಹೋದರೆ ಒಳಗೆ ಬಿಡುವುದಿಲ್ಲ, ಇನ್ನೂ ಒಂಬತ್ತು ತಿಂಗಳ ಹತ್ತಿರ ಅವಧಿ ಉಳಿದಿದ್ದರೂ. ನಿಯಮ ಬಂದು ಒಂಬತ್ತು ವರ್ಷ ಆಗುವವರೆಗೆ ಅದರ ಅರ್ಥ ಬಿಡಿಸಿ ಹೇಳಬೇಕಾಯಿತು ಅನ್ನುವುದು ಸಣ್ಣ ವಿಷಯ ಅಲ್ಲ. ಆ ನಡುವೆ ವಾಪಸ್ ಹೋದವರ ರಜೆ, ದುಡ್ಡು ಯಾವುದೂ ನಿಯಮದ ಪುಸ್ತಕದಲ್ಲಿ ಕಾಣುವುದಿಲ್ಲ.

ತಪ್ಪಾಗಿ ತಡೆದರೆ ಏನು? ಯುರೋಪಿನ 261/2004 ನಿಯಮ ವಿಮಾನ ಹತ್ತಿಸದಿದ್ದರೆ ಪರಿಹಾರ ಕೊಡಿಸುತ್ತದೆ. ಆದರೆ ದಾಖಲೆ ಸಾಲದು ಅನ್ನುವಂಥ ಸಕಾರಣ ಇದ್ದರೆ ಪರಿಹಾರ ಇಲ್ಲ. ಸಾಲದು ಎಂದು ತೀರ್ಮಾನಿಸುವುದು ಯಾರು? ಈ ಪ್ರಶ್ನೆ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ಕಝಾಕಸ್ತಾನದ ಒಬ್ಬರು ಸೈಪ್ರಸ್‌ನ ಲಾರ್ನಾಕಾದಿಂದ ರೊಮೇನಿಯಾದ ಬುಖಾರೆಸ್ಟ್‌ಗೆ ಹೊರಟಿದ್ದರು. ಸೈಪ್ರಸ್‌ನ ವಾಸದ ಪರವಾನಗಿ ಅವರ ಬಳಿ ಇತ್ತು. ಪ್ರತ್ಯೇಕ ವೀಸಾ ಬೇಡ ಎಂದು ರೊಮೇನಿಯಾದ ಕಡೆಯಿಂದಲೇ ಉತ್ತರ ಬಂದಿತ್ತು. ಕೌಂಟರ್‌ನವರು ಬುಖಾರೆಸ್ಟ್‌ನ ತಮ್ಮ ಸಿಬ್ಬಂದಿಯನ್ನು ಕೇಳಿದರು. ವೀಸಾ ಇಲ್ಲದೆ ಬಿಡುವುದಿಲ್ಲ ಅನ್ನುವ ಉತ್ತರ ಬಂತು, ಅವರನ್ನು ಹತ್ತಿಸಲಿಲ್ಲ. 2020ರ ಏಪ್ರಿಲ್ 30ರಂದು ತೀರ್ಪು ಬಂತು. ದಾಖಲೆ ಸಾಲದು ಎಂದು ಸಂಸ್ಥೆ ಹೇಳಿದ ಮಾತ್ರಕ್ಕೆ ಪ್ರಯಾಣಿಕರ ಹಕ್ಕು ಹೋಗುವುದಿಲ್ಲ, ಅದು ಸಕಾರಣವೇ ಎಂದು ನ್ಯಾಯಾಲಯ ಪರಿಶೀಲಿಸಬೇಕು ಎಂದು ಅದು ಹೇಳಿತು.

ಹಾಗಾಗಿ ಕೌಂಟರ್‌ನಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಪರದೆಯ ಯಾವ ಸಾಲಿನ ಪ್ರಕಾರ ತಡೆದಿರಿ, ಓದಿ ಹೇಳಿ ಎಂದು ಕೇಳಿ. ಮೇಲ್ವಿಚಾರಕರನ್ನು ಕರೆಸಿ, ತಲುಪುವ ದೇಶದ ಅಧಿಕಾರಿಗಳನ್ನೇ ವಿಚಾರಿಸಿ ಎಂದು ಕೋರಿ. ಆದರೂ ಆಗಲಿಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಸಮಯ ಹಾಕಿಸಿ. ಅದು ಇಲ್ಲದಿದ್ದರೆ ಆಮೇಲೆ ಕೇಳುವ ಪರಿಹಾರಕ್ಕೆ ಸಂಸ್ಥೆಯ ಮಾತೇ ಒಂದೇ ದಾಖಲೆ ಆಗಿ ಉಳಿಯುತ್ತದೆ.