ಅವರು ವಾಚ್ ನೋಡಿದರು, ನನ್ನ ಕೆಲಸ ಹೋಯಿತು

ಕೌನ್ಸೆಲಿಂಗ್‌ಗೆ ಬರುವವರು ಯಾರೂ ‘ನಾನು ಬೇರೆಯವರ ಮನಸ್ಸು ಓದುತ್ತೇನೆ’ ಎಂದು ಹೇಳುವುದಿಲ್ಲ. ‘ಅವರಿಗೆ ನನ್ನ ಮೇಲೆ ಬೇಜಾರಾಗಿದೆ’ ಎನ್ನುತ್ತಾರೆ, ಕಣ್ಣಾರೆ ಕಂಡವರ ಹಾಗೆ. ‘ಹೇಗೆ ಗೊತ್ತಾಯಿತು?’ ಎಂದು ಕೇಳಿದರೆ ಒಂದು ಕ್ಷಣ ತಡವರಿಸಿ, ‘ಗೊತ್ತಾಗುತ್ತಲ್ಲ ಮೇಡಂ’ ಎನ್ನುತ್ತಾರೆ. ನಮ್ಮ ಕೆಲಸ ಶುರುವಾಗುವುದೇ ಆ ತಡವರಿಕೆಯಿಂದ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯಿದ್ದವರ ಮಾತು ಕೇಳುತ್ತಾ ಒಂದು ಸಂಗತಿ ಗಮನಿಸಿದರು. ಬಾಯಲ್ಲಿ ಹೇಳುವ ಮಾತಿನ ಅಡಿಯಲ್ಲಿ ಚಕಚಕನೆ ಬಂದು ಹೋಗುವ ಯೋಚನೆಗಳಿರುತ್ತವೆ. ಅವನ್ನು ಯಾರೂ ಪ್ರಶ್ನಿಸುವುದಿಲ್ಲ, ಬಂದದ್ದನ್ನು ಬಂದ ಹಾಗೆ ನಂಬಿಬಿಡುತ್ತಾರೆ. ಅವುಗಳಲ್ಲಿ ಪದೇ ಪದೇ ಕಾಣುವ ಓರೆಗಳನ್ನೇ ಕಾಗ್ನಿಟಿವ್ ಡಿಸ್ಟಾರ್ಷನ್ ಎನ್ನುತ್ತೇವೆ. ಇವುಗಳ ಪಟ್ಟಿ ಉದ್ದವಿದೆ, ಆದರೆ ಅದನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚು ಉಪಯೋಗವಿಲ್ಲ ಎಂಬುದು ನನ್ನ ಅನಿಸಿಕೆ. ನಾನು ಅತಿ ಹೆಚ್ಚು ಕಾಣುವುದು ಜೋಡಿಯಾಗಿ ಬರುವ ಎರಡನ್ನು. ಎದುರಿನವರ ಮನಸ್ಸಿನಲ್ಲಿ ಇಂಥದ್ದೇ ಇದೆ ಎಂದು ತೀರ್ಮಾನಿಸುವ ಮೈಂಡ್ ರೀಡಿಂಗ್ ಮೊದಲನೆಯದು. ಅಲ್ಲಿಂದ ನೇರವಾಗಿ ಅನಾಹುತಕ್ಕೆ ಜಿಗಿಯುವ ಕೆಟಾಸ್ಟ್ರಫೈಸಿಂಗ್ ಎರಡನೆಯದು. ಮೊದಲನೆಯದು ಕಿಡಿ ಹೊತ್ತಿಸಿ ಕೊಟ್ಟರೆ ಎರಡನೆಯದು ಊರಿಗೇ ಬೆಂಕಿ ಹಚ್ಚುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಫೀಸಿನ ಮೀಟಿಂಗ್‌ನಲ್ಲಿ ಒಬ್ಬ ಮಹಿಳೆ ತಮ್ಮ ತಂಡದ ಕೆಲಸದ ಬಗ್ಗೆ ವಿವರಿಸುತ್ತಿದ್ದರು. ನಡುವೆ ಅವರ ಮ್ಯಾನೇಜರ್ ಎರಡು ಸಲ ವಾಚ್ ನೋಡಿಕೊಂಡರು. ಆ ರಾತ್ರಿ ಈಕೆಗೆ ನಿದ್ದೆ ಬರಲಿಲ್ಲ. ಮೂರು ದಿನ ಮ್ಯಾನೇಜರ್ ಎದುರಿಗೆ ಬಂದರೆ ದಾರಿ ಬದಲಿಸಿ ಹೋದರು. ನನ್ನ ಬಳಿ ಬಂದಾಗ ಅವರು ಕೇಳಿದ್ದು, ‘ಬೇರೆ ಕೆಲಸ ಹುಡುಕಿಕೊಳ್ಳಲೇ?’ ಎಂದು.

ಇಂಥ ಯೋಚನೆಯನ್ನು ಯೋಚನೆಯಾಗಿಯೇ ಹಿಡಿಯಲು ಹೋದರೆ ಸಿಗುವುದಿಲ್ಲ, ಅದು ಅಷ್ಟು ಬೇಗ ಬಂದು ಹೋಗುತ್ತದೆ. ಸುಲಭವಾಗಿ ಸಿಗುವುದು ಭಾವನೆ. ಎದೆ ಧಸಕ್ಕೆಂದ, ಮುಖ ಬಿಸಿಯಾದ, ಹೊಟ್ಟೆ ಕಿವುಚಿದ ಕ್ಷಣ ಯಾವುದು? ಅಲ್ಲಿ ನಿಂತು, ‘ಈಗ ತಾನೇ ನನ್ನ ತಲೆಯಲ್ಲಿ ಏನು ಹಾದುಹೋಯಿತು?’ ಎಂದು ಕೇಳಿಕೊಳ್ಳಬೇಕು. ಆಗಲೇ ಬರೆದರೆ ಒಳ್ಳೆಯದು, ಆಗದಿದ್ದರೆ ಅದೇ ದಿನವಾದರೂ ಸರಿ. ವಾರ ಕಳೆದ ಮೇಲೆ ಬರೆದರೆ ಕಾಗದಕ್ಕೆ ಇಳಿಯುವುದು ನಡೆದದ್ದಲ್ಲ, ನಾವು ಹೆಣೆದ ಕಥೆ.

ಈಕೆಯ ಕೈಯಲ್ಲಿ ಮೊದಲು ಒಂದೇ ಸಾಲು ಬರೆಸಿದೆ: ಅಲ್ಲಿ ಕ್ಯಾಮೆರಾ ಇದ್ದಿದ್ದರೆ ಅದರಲ್ಲಿ ಏನು ದಾಖಲಾಗುತ್ತಿತ್ತು? ಅವರು ಬರೆದದ್ದು, ‘ಮ್ಯಾನೇಜರ್ ಅಸಹನೆಯಿಂದ ವಾಚ್ ನೋಡಿದರು.’ ವಾಚ್ ನೋಡಿದ್ದು ಕ್ಯಾಮೆರಾಕ್ಕೆ ಕಾಣುತ್ತದೆ, ಅಸಹನೆ ಕಾಣುವುದಿಲ್ಲ. ಹುಬ್ಬು ಗಂಟಿಕ್ಕಿದ್ದರೆ, ನಿಟ್ಟುಸಿರು ಬಿಟ್ಟಿದ್ದರೆ ಅದನ್ನು ಬರೆಯಬಹುದು. ಈಕೆಗೆ ಅಂಥದ್ದೇನೂ ನೆನಪಿಗೆ ಬರಲಿಲ್ಲ. ಮೈಂಡ್ ರೀಡಿಂಗ್ ಅಡಗಿ ಕೂರುವುದು ಹೆಚ್ಚಾಗಿ ಇಂಥ ಒಂದು ಪದದಲ್ಲೇ. ‘ಬೇಕಂತಲೇ’, ‘ತಾತ್ಸಾರದಿಂದ’, ‘ನನ್ನನ್ನು ಕಂಡರಾಗದೆ’ ಎಂಬವು ಕಂಡದ್ದನ್ನು ಹೇಳುವ ಸಾಲಿನೊಳಗೆ ನುಸುಳಿದ್ದರೆ ಅಲ್ಲಿ ಗೆರೆ ಎಳೆಯಿರಿ.

ಇನ್ನೊಂದು ಅಡಗುತಾಣ ಪ್ರಶ್ನಾರ್ಥಕ ಚಿಹ್ನೆ. ‘ಯಾಕೆ ವಾಚ್ ನೋಡಿದರು? ಮುಂದೇನಾಗುತ್ತೋ?’ ಎಂಬ ಪ್ರಶ್ನೆಗಳನ್ನು ಪರೀಕ್ಷಿಸಲು ಬರುವುದಿಲ್ಲ, ಅವು ಸುಮ್ಮನೆ ತಲೆಯಲ್ಲಿ ಗಿರಕಿ ಹೊಡೆಯುತ್ತವೆ. ಆದ್ದರಿಂದ ಪ್ರಶ್ನೆಯನ್ನು ಹೇಳಿಕೆಯಾಗಿ ತಿರುಗಿಸಬೇಕು. ಹಾಗೆ ಮಾಡಿದಾಗ ಈಕೆಗೆ ಸಿಕ್ಕದ್ದು, ‘ನನ್ನ ಮಾತು ಅವರಿಗೆ ಬೋರಾಯಿತು’ ಎಂಬುದು. ಅದರ ಕೆಳಗೆ ಒಂದು ಬಾಣದ ಗುರುತು ಹಾಕಿ, ‘ಅದು ನಿಜವೇ ಆಗಿದ್ದರೆ ಏನಾಗುತ್ತೆ?’ ಎಂದು ಕೇಳಿದೆ. ‘ನನಗೆ ಕೆಲಸ ಬರಲ್ಲ ಅಂದುಕೊಳ್ಳುತ್ತಾರೆ.’ ಮತ್ತೆ ಬಾಣ. ‘ಮುಂದಿನ ಪ್ರಾಜೆಕ್ಟ್ ಕೊಡಲ್ಲ.’ ಮತ್ತೆ ಬಾಣ. ‘ಕೆಲಸದಿಂದ ತೆಗೆಯುತ್ತಾರೆ.’ ನಾಲ್ಕೇ ಮೆಟ್ಟಿಲು. ಆದರೆ ಆ ರಾತ್ರಿ ಅವರಿಗೆ ಮೆಟ್ಟಿಲುಗಳೇ ಕಂಡಿರಲಿಲ್ಲ. ವಾಚ್ ಕಂಡಿತ್ತು, ಕೆಲಸ ಹೋದದ್ದು ಕಂಡಿತ್ತು. ನಡುವಿನದೆಲ್ಲ ಮಾಯ.

ಮೆಟ್ಟಿಲು ಕಂಡ ಮೇಲೆ ಒಂದೊಂದಕ್ಕೂ ಅಂಕ ಹಾಕಿಸಿದೆ. ಹಿಂದಿನದು ನಿಜವಾದರೆ ಮುಂದಿನದು ಆಗುವ ಸಾಧ್ಯತೆ ನೂರಕ್ಕೆ ಎಷ್ಟು? ಬೋರಾಗಿರುವುದಕ್ಕೆ 70 ಕೊಟ್ಟರು. ಅಷ್ಟಕ್ಕೇ ಕೆಲಸ ಬರಲ್ಲ ಎಂದು ತೀರ್ಮಾನಿಸುವುದಕ್ಕೆ 30. ಹಾಗೆ ತೀರ್ಮಾನಿಸಿದರೆ ಪ್ರಾಜೆಕ್ಟ್ ಕೊಡದಿರುವುದಕ್ಕೆ 50. ಪ್ರಾಜೆಕ್ಟ್ ಸಿಗದವರನ್ನು ಕೆಲಸದಿಂದಲೇ ತೆಗೆಯುವುದಕ್ಕೆ 10. ಎಲ್ಲ ಗುಣಿಸಿದರೆ ನೂರಕ್ಕೆ ಸುಮಾರು 1. ಶುರುವಿನಲ್ಲಿ ‘ಕೆಲಸ ಹೋಗುತ್ತೆ ಅಂತ ಎಷ್ಟು ಅನಿಸುತ್ತಿದೆ?’ ಎಂದು ಕೇಳಿದಾಗ ಅವರು 80 ಎಂದಿದ್ದರು. ಈ ಅಂಕಗಳೂ ಊಹೆಯೇ, ಇದೇನು ವಿಜ್ಞಾನದ ಅಳತೆಯಲ್ಲ. ಆದರೆ ಎರಡೂ ಊಹೆ ಅವರದೇ. ಒಂದು ಗಾಬರಿಯಲ್ಲಿ ಮಾಡಿದ್ದು, ಇನ್ನೊಂದು ಬಿಡಿಸಿ ನೋಡಿ ಮಾಡಿದ್ದು.

ತೀರಾ ಆತಂಕ ಇರುವವರು ಇಲ್ಲಿಗೂ ಸುಮ್ಮನಾಗುವುದಿಲ್ಲ. ‘ಆ ಒಂದು ಪರ್ಸೆಂಟ್ ನಾನೇ ಆದರೆ?’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಆಗ ಸಾಧ್ಯತೆಯ ಚರ್ಚೆ ಬಿಟ್ಟು, ಹಾಗೆ ಆದರೆ ಮೊದಲ ತಿಂಗಳು ಏನು ಮಾಡುತ್ತೀರಿ ಎಂದು ಬರೆಸುತ್ತೇನೆ. ಕೆಟಾಸ್ಟ್ರಫೈಸಿಂಗ್‌ನಲ್ಲಿ ಅನಾಹುತದ ಸಾಧ್ಯತೆ ದೊಡ್ಡದಾಗಿ ಕಾಣುತ್ತದೆ, ಅದನ್ನು ನಿಭಾಯಿಸುವ ನಮ್ಮ ಶಕ್ತಿ ಚಿಕ್ಕದಾಗಿ ಕಾಣುತ್ತದೆ. ಎರಡನೆಯದನ್ನು ಸರಿಪಡಿಸದೆ ಮೊದಲನೆಯದರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

ಮೈಂಡ್ ರೀಡಿಂಗ್‌ಗೆ ಮಾತ್ರ ಕಾಗದದ ಮೇಲೆ ಪೂರ್ತಿ ಉತ್ತರ ಸಿಗುವುದಿಲ್ಲ, ಹೋಗಿ ಕೇಳಬೇಕು. ‘ನನ್ನ ಮೇಲೆ ಬೇಜಾರಾಗಿದೆಯಾ ಸರ್?’ ಎಂದು ಕೇಳಿದರೆ ಯಾರಾದರೂ ‘ಇಲ್ಲ ಇಲ್ಲ’ ಎಂದೇ ಹೇಳುತ್ತಾರೆ. ಆ ಸಮಾಧಾನ ಸಂಜೆಯವರೆಗೂ ಉಳಿಯುವುದಿಲ್ಲ, ಮತ್ತೆ ಕೇಳಬೇಕೆನಿಸುತ್ತದೆ. ಕೇಳುವುದು ಕೆಲಸದ ಬಗ್ಗೆ ಇರಲಿ, ನಿರ್ದಿಷ್ಟವಾಗಿರಲಿ. ಕೇಳುವ ಮುಂಚೆ ‘ನನ್ನ ಊಹೆ ಸರಿಯಿದ್ದರೆ ಅವರು ಹೀಗೆ ಹೇಳುತ್ತಾರೆ’ ಎಂದು ಬರೆದಿಡಬೇಕು. ಇಲ್ಲದಿದ್ದರೆ ಬಂದ ಉತ್ತರವನ್ನೂ ಮನಸ್ಸು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತದೆ.

ಈಕೆ ಬರೆದಿಟ್ಟದ್ದು, ‘ಮುಂದಿನ ಸಲ ಬೇರೆಯವರು ಮಾಡಲಿ ಅನ್ನುತ್ತಾರೆ.’ ಹೋಗಿ ಕೇಳಿದ್ದು, ‘ಮೊನ್ನೆಯ ನನ್ನ ಪ್ರೆಸೆಂಟೇಶನ್‌ನಲ್ಲಿ ಯಾವ ಭಾಗ ಕಡಿಮೆ ಮಾಡಬಹುದಿತ್ತು ಸರ್?’ ಎಂದು. ಬಂದ ಉತ್ತರ, ‘ಎರಡನೇ ಅರ್ಧ ಉದ್ದವಾಯಿತು. ಮುಂದಿನ ತಿಂಗಳು ಮಾಡುವಾಗ ಅಂಕಿಅಂಶಗಳನ್ನು ಮೊದಲೇ ಮೇಲ್ ಮಾಡಿಬಿಡಿ, ಅಲ್ಲಿ ಓದುವುದು ಬೇಡ.’ ಅಂದರೆ ಬೋರಾಯಿತು ಎಂಬ ಊಹೆ ಬಹುಮಟ್ಟಿಗೆ ಸರಿಯೇ ಇತ್ತು! ಅದರ ಕೆಳಗಿನ ಮೆಟ್ಟಿಲು ಮಾತ್ರ ಇರಲಿಲ್ಲ. ಮುಂದಿನ ತಿಂಗಳೂ ಇವರೇ ಮಾಡಬೇಕೆಂಬುದು ಆ ಉತ್ತರದಲ್ಲೇ ಇತ್ತು. ಡಿಸ್ಟಾರ್ಷನ್ ಎಂದ ಮಾತ್ರಕ್ಕೆ ಯೋಚನೆ ಸುಳ್ಳೆಂದಲ್ಲ. ಪರೀಕ್ಷಿಸದೆ ನಂಬಿದ್ದು ಎಂದಷ್ಟೇ ಅರ್ಥ. ‘ಪಾಸಿಟಿವ್ ಆಗಿ ಯೋಚಿಸಿ’ ಎಂಬ ಸಲಹೆಯನ್ನು ನಾನು ಕೊಡದಿರುವುದು ಇದೇ ಕಾರಣಕ್ಕೆ. ‘ಅವರಿಗೆ ನನ್ನ ಮಾತು ತುಂಬಾ ಹಿಡಿಸಿತು’ ಎಂದುಕೊಂಡಿದ್ದರೆ ಅದೂ ಮೈಂಡ್ ರೀಡಿಂಗೇ ಆಗುತ್ತಿತ್ತು.

ಈ ವಿಧಾನ ಎಲ್ಲ ಕಡೆ ಬಳಸುವಂಥದ್ದಲ್ಲ. ಎದುರಿನವರು ನಿಜವಾಗಿಯೂ ಬೆದರಿಸುತ್ತಿದ್ದರೆ, ಹೊಡೆಯುತ್ತಿದ್ದರೆ, ದಿನವೂ ಅವಮಾನ ಮಾಡುತ್ತಿದ್ದರೆ ಅಲ್ಲಿ ತಿದ್ದಬೇಕಾದದ್ದು ನಿಮ್ಮ ಯೋಚನೆಯಲ್ಲ. ಒಸಿಡಿ ಎಂಬ ಗೀಳು ಕಾಯಿಲೆ ಇರುವವರಲ್ಲಿ ಸಾಕ್ಷ್ಯ ಹುಡುಕುವುದೇ ಮತ್ತೊಂದು ಗೀಳಾಗಿಬಿಡಬಹುದು. ಒಂದೇ ಯೋಚನೆಯನ್ನು ಹತ್ತಾರು ಸಲ ಬರೆದು ಬರೆದು ಪರೀಕ್ಷಿಸುತ್ತಿದ್ದೀರಿ ಎಂದು ಕಂಡರೆ ಪುಸ್ತಕ ಮುಚ್ಚಿಟ್ಟು ತಜ್ಞರನ್ನು ಕಾಣಿ. ಇನ್ನು ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಅದಕ್ಕೆ ಅಂಕ ಹಾಕುತ್ತ ಒಬ್ಬರೇ ಕೂರಬೇಡಿ. ಅದೇ ದಿನ ಹತ್ತಿರದವರಿಗೆ ಹೇಳಿ, ಅವರನ್ನು ಜೊತೆಗೆ ಕರೆದುಕೊಂಡೇ ವೈದ್ಯರ ಬಳಿ ಹೋಗಿ.