ಎರಡಕ್ಕೂ 4.1 ಸ್ಟಾರ್ ಇದ್ದಾಗ ಯಾವುದು ವಾಸಿ?

ಗ್ರಾಹಕರ ಅಭಿಪ್ರಾಯದ ಅಂಕಿಗಳನ್ನು ಓದುವುದು ನನ್ನ ಕೆಲಸ. ಆದರೆ ಅಚ್ಚುಕಟ್ಟಾದ ಫೈಲ್ ಕೈಗೆ ಸಿಗುವುದು ಅಪರೂಪ. ಬರುವುದು ಹೆಚ್ಚಾಗಿ ಯಾರೋ ಮೊಬೈಲಿನಲ್ಲಿ ತೆಗೆದು ಕಳಿಸಿದ ಸ್ಕ್ರೀನ್‌ಶಾಟ್: ಐದು ಅಡ್ಡ ಪಟ್ಟಿಗಳು, ಪಕ್ಕದಲ್ಲಿ ಶೇಕಡಾ, ಮೇಲೆ ದಪ್ಪಗೆ 4.1. ಜೊತೆಗೆ ಪ್ರಶ್ನೆ, "ಎರಡು ಇಯರ್‌ಫೋನ್‌ಗಳಿಗೂ 4.1 ಇದೆ, ಯಾವುದರ ಗ್ರಾಹಕರು ಜಾಸ್ತಿ ಖುಷಿಯಾಗಿದ್ದಾರೆ?" ಈ ಪ್ರಶ್ನೆಗೆ ಆ 4.1ರಲ್ಲಿ ಉತ್ತರ ಇಲ್ಲ, ಕೆಳಗಿನ ಪಟ್ಟಿಗಳಲ್ಲಿದೆ. ಅದನ್ನು ತೆಗೆಯುವುದು ಹೇಗೆ ಅಂತ ಒಂದು ಜೋಡಿ ಅಂಕಿಗಳನ್ನೇ ಹಿಡಿದು ನೋಡೋಣ. ಅಂಕಿಗಳು ಉದಾಹರಣೆಗಾಗಿ ನಾನೇ ಹಾಕಿಕೊಂಡವು.

ಮೊದಲನೆಯ ಚಿತ್ರದಲ್ಲಿ 5 ಸ್ಟಾರ್ 62%, 4 ಸ್ಟಾರ್ 14%, 3 ಸ್ಟಾರ್ 6%, 2 ಸ್ಟಾರ್ 4%, 1 ಸ್ಟಾರ್ 14% ಇದೆ. ಎಲ್ಲ ಕೂಡಿದರೆ 100. ಈ ಕೂಡುವ ಕೆಲಸವನ್ನು ದಯವಿಟ್ಟು ಮೊದಲೇ ಮಾಡಿ, ಯಾಕೆಂದರೆ 99 ಅಥವಾ 101 ಬಂದರೆ ಅದು ಶೇಕಡಾವನ್ನು ಹತ್ತಿರದ ಪೂರ್ಣಾಂಕಕ್ಕೆ ತಂದಿದ್ದರಿಂದ ಆದದ್ದು, 93 ಬಂದರೆ ಮಾತ್ರ ನೀವು ಒಂದು ಸಾಲನ್ನು ತಪ್ಪಾಗಿ ಓದಿದ್ದೀರಿ ಅಂತಲೇ ಅರ್ಥ. ಕೆಳಗಿನ 1 ಸ್ಟಾರ್ ಸಾಲು ಚಿತ್ರದಲ್ಲಿ ಕತ್ತರಿಸಿ ಹೋಗಿದ್ದರೂ ಗಾಬರಿ ಬೇಡ. ಉಳಿದ ನಾಲ್ಕನ್ನು ಕೂಡಿ 100ರಿಂದ ಕಳೆದರೆ ಅದು ಸಿಗುತ್ತದೆ, ಒಂದೆರಡು ಅಂಕ ಆಚೀಚೆ ಆಗಬಹುದು ಅಷ್ಟೇ.

ಸರಾಸರಿಗೆ ಪ್ರತಿ ಸ್ಟಾರನ್ನು ಅದರ ಪಾಲಿನಿಂದ ಗುಣಿಸಿ ಕೂಡಬೇಕು. 5ನ್ನು 0.62ರಿಂದ ಗುಣಿಸಿದರೆ 3.10. ಹಾಗೇ 4 ಸ್ಟಾರಿನಿಂದ 0.56, ಮೂರರಿಂದ 0.18, ಎರಡರಿಂದ 0.08, ಒಂದರಿಂದ 0.14. ಒಟ್ಟು 4.06. ಪರದೆಯ ಮೇಲೆ 4.1 ಅಂತ ಕಾಣುವುದು ಇದೇ. ಸ್ಪ್ರೆಡ್‌ಶೀಟಿನಲ್ಲಿ A ಕಾಲಮ್ಮಿಗೆ ಸ್ಟಾರ್, B ಕಾಲಮ್ಮಿಗೆ ಶೇಕಡಾ ಹಾಕಿ ಹೀಗೆ ಬರೆದರೆ ಸಾಕು:

```
=SUMPRODUCT(A2:A6,B2:B6)/SUM(B2:B6)
```

ಕೊನೆಗೆ ಮೊತ್ತದಿಂದ ಭಾಗಿಸುವುದನ್ನು ಬಿಡಬೇಡಿ. ಒಟ್ಟು 99 ಬಂದಾಗ ಸುಮ್ನೆ 100ರಿಂದ ಭಾಗಿಸಿದರೆ ಸರಾಸರಿ ಸುಮಾರು 0.04ರಷ್ಟು ಕೆಳಗಿಳಿಯುತ್ತದೆ, ಸರಿಯಾದ ಮೊತ್ತದಿಂದ ಭಾಗಿಸಿದರೆ ಆ ತೊಂದರೆ ಇಲ್ಲ.

ಪೂರ್ಣಾಂಕದ ಶೇಕಡಾದಿಂದ ತೆಗೆದ ಈ 4.06ನ್ನು ಎಷ್ಟು ನಂಬಬಹುದು? ಪ್ರತಿ ಸಾಲೂ ಹೆಚ್ಚೆಂದರೆ ಅರ್ಧ ಶೇಕಡಾ ಆಚೀಚೆ ಇರಬಹುದು. ತೀರಾ ಕೆಟ್ಟ ಸಂದರ್ಭ ಅಂದರೆ 5 ಮತ್ತು 4 ಸ್ಟಾರ್ ಎರಡೂ ನಿಜದಲ್ಲಿ ಅರ್ಧ ಜಾಸ್ತಿ ಇದ್ದು, 2 ಮತ್ತು 1 ಎರಡೂ ಅರ್ಧ ಕಡಿಮೆ ಇರುವುದು. ಅದನ್ನೂ ಲೆಕ್ಕ ಹಾಕಿ ನೋಡಿ, ಸರಾಸರಿ ಬದಲಾಗುವುದು 0.03 ಮಾತ್ರ. ಅಂದರೆ ನಿಜವಾದ ಸರಾಸರಿ 4.03ರಿಂದ 4.09ರ ಒಳಗೇ ಇದೆ. ಪರದೆ ತೋರಿಸುವ ಒಂದೇ ದಶಮಾಂಶದ 4.1ಗಿಂತ ನಾವು ಕೈಯಲ್ಲಿ ತೆಗೆದದ್ದೇ ಹೆಚ್ಚು ನಿಖರ. ನನಗೆ ಈ ಲೆಕ್ಕ ಇಷ್ಟವಾಗುವುದು ಇದೇ ಕಾರಣಕ್ಕೆ.

ಇದರಿಂದ ಇನ್ನೊಂದು ಉಪಯೋಗವೂ ಇದೆ. ನಿಮ್ಮ ಲೆಕ್ಕ 4.06 ಹೇಳುವಾಗ ಪರದೆ 4.3 ಹೇಳಿದರೆ ಆ ವ್ಯತ್ಯಾಸಕ್ಕೆ ಪೂರ್ಣಾಂಕ ಕಾರಣ ಅಲ್ಲವೇ ಅಲ್ಲ. ಮೊದಲು ಸಾಲುಗಳನ್ನು ಇನ್ನೊಮ್ಮೆ ಓದಿ, ಕೆಲವು ಕಡೆ 1 ಸ್ಟಾರ್ ಮೇಲೆ ಇರುತ್ತದೆ. ಓದಿದ್ದು ಸರಿ ಇದ್ದರೆ ಆ ತಾಣ ಸರಳ ಸರಾಸರಿ ತೋರಿಸುತ್ತಿಲ್ಲ. ಗೂಗಲ್ ಪ್ಲೇ 2019ರಿಂದ ಹೊಸ ರೇಟಿಂಗ್‌ಗಳಿಗೆ ಜಾಸ್ತಿ ತೂಕ ಕೊಡುತ್ತಿದೆ. ಅಮೆಜಾನ್ ಅಂತೂ ತನ್ನ ಒಟ್ಟು ಸ್ಟಾರ್ ಮಾತ್ರವಲ್ಲ, ಸ್ಟಾರ್‌ವಾರು ಶೇಕಡಾ ಕೂಡ ಸರಳ ಸರಾಸರಿಯಿಂದ ಬಂದದ್ದಲ್ಲ, ರೇಟಿಂಗ್ ಎಷ್ಟು ಹೊಸದು, ಕೊಟ್ಟವರು ಅಲ್ಲೇ ಕೊಂಡವರೇ ಎಂಬುದನ್ನೆಲ್ಲ ನೋಡುತ್ತೇವೆ ಅಂತ ತಾನೇ ಹೇಳಿಕೊಂಡಿದೆ. ಹಾಗಾಗಿ ಅಲ್ಲಿ ಒಟ್ಟು ರೇಟಿಂಗ್ 1,240 ಇದೆ, 14% ಅಂದರೆ 174 ಜನ 1 ಸ್ಟಾರ್ ಕೊಟ್ಟಿದ್ದಾರೆ ಅಂತ ವರದಿಯಲ್ಲಿ ಬರೆಯಬೇಡಿ. ಅದು ತೂಕ ಹಾಕಿದ ಪಾಲು, ತಲೆ ಎಣಿಕೆ ಅಲ್ಲ.

ಕೆಲವು ಚಿತ್ರಗಳಲ್ಲಿ ಅಂಕಿಯೇ ಇರುವುದಿಲ್ಲ, ಬರೀ ಪಟ್ಟಿ. ಆಗ ಚಿತ್ರವನ್ನು ದೊಡ್ಡದು ಮಾಡಿ ಪ್ರತಿ ಪಟ್ಟಿಯ ಬಣ್ಣದ ಭಾಗವನ್ನು ಪಿಕ್ಸೆಲ್‌ನಲ್ಲಿ ಅಳೆಯಿರಿ. ಯಾವ ಚಿತ್ರ ತಿದ್ದುವ ಆಪ್ ಆದರೂ ಆಯ್ತು. ನಮ್ಮ ಮೊದಲ ಚಿತ್ರವೇ ಅಂಕಿಯಿಲ್ಲದೆ ಬಂದಿತ್ತು ಅಂದುಕೊಳ್ಳಿ, ಅಳತೆ 186, 42, 18, 12, 42 ಬಂತು. ಮೊತ್ತ 300. ಒಂದೊಂದನ್ನೂ 300ರಿಂದ ಭಾಗಿಸಿದರೆ ಮತ್ತೆ ಅದೇ 62, 14, 6, 4, 14. ಇಲ್ಲಿ ಹಲವರಿಗೆ ಒಂದು ಅನುಮಾನ ಬರುತ್ತದೆ. ಕೆಲವು ತಾಣಗಳಲ್ಲಿ ಪೂರ್ತಿ ಬೂದು ಪಟ್ಟಿ ಅಂದರೆ 100%, ಇನ್ನು ಕೆಲವು ಕಡೆ ಅತಿ ಉದ್ದದ ಪಟ್ಟಿಯನ್ನೇ ಅಂಚಿನವರೆಗೆ ಎಳೆದಿರುತ್ತಾರೆ, ಯಾವುದು ಅಂತ ಗೊತ್ತಾಗದೆ ಲೆಕ್ಕ ಹೇಗೆ? ಗೊತ್ತಾಗಬೇಕಿಲ್ಲ. ನಮಗೆ ಬೇಕಾದದ್ದು ಪಟ್ಟಿಗಳ ನಡುವಿನ ಅನುಪಾತ ಮಾತ್ರ, ಮೊತ್ತದಿಂದ ಭಾಗಿಸಿದ ಕೂಡಲೇ ಎರಡೂ ಒಂದೇ ಆಗುತ್ತವೆ. ಎಚ್ಚರ ಬೇಕಾದದ್ದು ಸಣ್ಣ ಪಟ್ಟಿಗಳಲ್ಲಿ. ತುದಿ ದುಂಡಗಿರುವ ವಿನ್ಯಾಸದಲ್ಲಿ ಒಂದೇ ಒಂದು ರೇಟಿಂಗ್ ಇದ್ದರೂ ಕಣ್ಣಿಗೆ ಕಾಣಲಿ ಅಂತ ಒಂದು ಚುಕ್ಕೆಯಷ್ಟು ಬಣ್ಣ ಇಟ್ಟಿರುತ್ತಾರೆ. ಎರಡು ಮೂರು ಸಾಲುಗಳಲ್ಲಿ ಒಂದೇ ಅಳತೆಯ ಪುಟ್ಟ ತುಂಡು ಕಂಡರೆ ಅದು ಇಂಥದ್ದೇ ಇರಬೇಕು, ಅದನ್ನು ಸೊನ್ನೆಗೆ ಹತ್ತಿರ ಅಂತಲೇ ಹಿಡಿಯಿರಿ.

ಈಗ ಎರಡನೆಯ ಇಯರ್‌ಫೋನ್. 5 ಸ್ಟಾರ್ 34%, 4 ಸ್ಟಾರ್ 46%, 3 ಸ್ಟಾರ್ 14%, 2 ಸ್ಟಾರ್ 4%, 1 ಸ್ಟಾರ್ 2%. ಗುಣಿಸಿ ಕೂಡಿ, ಇದೂ 4.06. ಕೊನೆಯ ದಶಮಾಂಶದವರೆಗೂ ಅದೇ ಸಂಖ್ಯೆ. ಆದರೆ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಎರಡೂ ಒಂದೇ ಅಂತ ಹೇಳಲಾರರು, ಅಲ್ವಾ? ಮೊದಲನೆಯದಕ್ಕೆ ಹೊಗಳುವವರೂ ಜಾಸ್ತಿ, ಬೈಯುವವರೂ ಜಾಸ್ತಿ. ಎರಡನೆಯದನ್ನು ತೀರಾ ಬೈದವರು ನೂರಕ್ಕೆ ಇಬ್ಬರೇ.

ಇಲ್ಲಿಂದ ತೃಪ್ತಿಯ ಲೆಕ್ಕ ಶುರು. ಮೊದಲು ಒಂದು ಸಾಮಾನ್ಯ ತಪ್ಪು: 4.06ನ್ನು 5ರಿಂದ ಭಾಗಿಸಿ 81% ತೃಪ್ತಿ ಅನ್ನುವುದು. ಅಳತೆ ಶುರುವಾಗುವುದು ಸೊನ್ನೆಯಿಂದ ಅಲ್ಲ, ಒಂದರಿಂದ. ಎಲ್ಲರೂ 1 ಸ್ಟಾರ್ ಕೊಟ್ಟರೂ ಈ ದಾರಿಯಲ್ಲಿ 20% ತೃಪ್ತಿ ಬರುತ್ತದೆ! ಸರಿಯಾಗಿ ಮಾಡುವುದಾದರೆ 1 ಕಳೆದು 4ರಿಂದ ಭಾಗಿಸಬೇಕು, ಆಗ 76.5 ಬರುತ್ತದೆ. ಆದರೆ ಇದರಲ್ಲೂ ಹೊಸ ವಿಷಯ ಏನೂ ಇಲ್ಲ. 5 ಸ್ಟಾರಿಗೆ 100, 4ಕ್ಕೆ 75, 3ಕ್ಕೆ 50, 2ಕ್ಕೆ 25, 1ಕ್ಕೆ 0 ಅಂತ ತೂಕ ಕೊಟ್ಟು "ತೂಕದ ತೃಪ್ತಿ" ಅಂತ ಹೆಸರಿಟ್ಟ ವರದಿಗಳನ್ನು ನಾನು ನೋಡುತ್ತಲೇ ಇರುತ್ತೇನೆ. ಮೆಟ್ಟಿಲುಗಳು ಸಮ ಎತ್ತರ ಇದ್ದರೆ ಉತ್ತರ ಸರಾಸರಿಯೇ, ಬೇರೆ ಅಳತೆಯಲ್ಲಿ ಬರೆದದ್ದು ಅಷ್ಟೇ. ನಮ್ಮ ಎರಡೂ ಇಯರ್‌ಫೋನ್‌ಗಳಿಗೆ ಅದು 76.5 ಅಂತಲೇ ಹೇಳುತ್ತದೆ.

ತೂಕ ಹಾಕಿದ್ದಕ್ಕೆ ಅರ್ಥ ಬರಬೇಕಾದರೆ ಮೆಟ್ಟಿಲು ಅಸಮ ಇರಬೇಕು. ತೀರಾ ಸರಳವಾದದ್ದು 4 ಮತ್ತು 5 ಕೊಟ್ಟವರನ್ನು ಮಾತ್ರ ತೃಪ್ತರು ಅಂತ ಎಣಿಸುವುದು: ಮೊದಲನೆಯದು 76%, ಎರಡನೆಯದು 80%. ಆದರೆ ಇದರಲ್ಲಿ 3 ಮತ್ತು 1 ಸ್ಟಾರ್ ಒಂದೇ ಆಗಿಬಿಡುತ್ತವೆ. ಹಾಳಾಗುವುದೇ ದೊಡ್ಡ ತಲೆನೋವಾದ ವಸ್ತುಗಳಿಗೆ ನಾನು ಕೆಳಗಿನ ತುದಿಗೆ ದಂಡ ಹಾಕುತ್ತೇನೆ. 5ಕ್ಕೆ 100, 4ಕ್ಕೆ 80, 3ಕ್ಕೆ 40, 2ಕ್ಕೆ 0, 1 ಸ್ಟಾರಿಗೆ ಮೈನಸ್ 50. ಮೊದಲನೆಯದಕ್ಕೆ 62, 11.2, 2.4 ಕೂಡಿ 7 ಕಳೆದರೆ 68.6. ಎರಡನೆಯದಕ್ಕೆ 34, 36.8, 5.6 ಕೂಡಿ 1 ಕಳೆದರೆ 75.4. ಸುಮಾರು ಏಳು ಅಂಕಗಳ ಅಂತರ, ಅದೂ ಸರಾಸರಿ ಒಂದೇ ಇರುವಾಗ.

ಈಗ ತೂಕ ಬದಲಿಸೋಣ. ಕೊಂಡವರು "ಪರವಾಗಿಲ್ಲ" ಅಂದರೆ ಸಾಲದು, ಇನ್ನೊಬ್ಬರಿಗೆ ಹೇಳುವಷ್ಟು ಇಷ್ಟಪಡಬೇಕು ಅನ್ನುವ ವಸ್ತು ಅಂದುಕೊಳ್ಳಿ. ಆಗ 5ಕ್ಕೆ 100, 4ಕ್ಕೆ 60 ಮಾತ್ರ, 3ಕ್ಕೆ 30, 2ಕ್ಕೆ 10, 1ಕ್ಕೆ 0. ಮೊದಲನೆಯದಕ್ಕೆ 72.6, ಎರಡನೆಯದಕ್ಕೆ 66.2. ಫಲಿತಾಂಶವೇ ತಿರುಗಿಬಿತ್ತು! ಪಟ್ಟಿಗಳು ಅವೇ, ಕೇಳಿದ ಪ್ರಶ್ನೆ ಬೇರೆ. ಅದಕ್ಕೇ ನನ್ನ ಒತ್ತಾಯ ಏನೆಂದರೆ ತೂಕವನ್ನು ಚಿತ್ರ ತೆರೆಯುವ ಮೊದಲೇ ಬರೆದಿಡಬೇಕು, ವರದಿಯಲ್ಲಿ ಅಂಕದ ಪಕ್ಕದಲ್ಲೇ ತೂಕವನ್ನೂ ಅಚ್ಚು ಹಾಕಬೇಕು. ಪಟ್ಟಿ ನೋಡಿದ ಮೇಲೆ ತೂಕ ಆರಿಸಿದರೆ ಬೇಕಾದವರನ್ನು ಗೆಲ್ಲಿಸಬಹುದು, ಅದು ಲೆಕ್ಕ ಅಲ್ಲ.

ಇಯರ್‌ಫೋನ್ ವಿಷಯದಲ್ಲಿ ನನ್ನ ಮತ ದಂಡದ ತೂಕಕ್ಕೇ. ಒಂದು ಕಿವಿಯಲ್ಲಿ ಸದ್ದು ನಿಂತುಹೋದವರಿಗೆ ಉಳಿದವರು ಎಷ್ಟು ಹೊಗಳಿದರೂ ಏನು ಪ್ರಯೋಜನ? 14% ಜನ 1 ಸ್ಟಾರ್ ಕೊಟ್ಟಿರುವಾಗ ಆ ವಿಮರ್ಶೆಗಳನ್ನು ತೆರೆದು ಓದಲೇಬೇಕು. ಎಲ್ಲರೂ ಒಂದೇ ದೋಷ ಹೇಳುತ್ತಿದ್ದರೆ ತಯಾರಿಕೆಯ ಸಮಸ್ಯೆ ಇರಬಹುದು. ತಡವಾಗಿ ಬಂತು, ಡಬ್ಬ ಒಡೆದಿತ್ತು ಅಂತ ಬರೆದಿದ್ದರೆ ಅದು ಸಾಗಣೆಯ ಬಗ್ಗೆ ಬಂದ ದೂರು, ಈ ತೃಪ್ತಿಯ ಅಂಕ ವಸ್ತುವಿನ ಮೇಲೆ ಅನ್ಯಾಯವಾಗಿ ಬಿದ್ದಿರುತ್ತದೆ.

ಇನ್ನು ಒಟ್ಟು ರೇಟಿಂಗ್ ಸಂಖ್ಯೆ. ಅದು ಚಿತ್ರದಲ್ಲಿ ಕಾಣದಿದ್ದರೆ ಕಳಿಸಿದವರನ್ನು ಕೇಳಿ ತರಿಸಿಕೊಳ್ಳಿ. ಮೊದಲನೆಯ ಚಿತ್ರದಲ್ಲಿ ಅಭಿಪ್ರಾಯಗಳು ಎರಡು ತುದಿಗೆ ಚದುರಿವೆ, ಆ ಚದುರುವಿಕೆಯ ಅಳತೆಯಾದ ಮಾನಕ ವಿಚಲನೆ ಸುಮಾರು 1.45. ಎರಡನೆಯದರಲ್ಲಿ 0.90. ಇದನ್ನು ಒಟ್ಟು ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ ಎರಡು ಪಟ್ಟು ಮಾಡಿದರೆ ಸರಾಸರಿ ಎಷ್ಟು ಅಲುಗಾಡಬಹುದು ಅಂತ ತಿಳಿಯುತ್ತದೆ. 1,240 ರೇಟಿಂಗ್ ಇದ್ದರೆ ಮೊದಲನೆಯದಕ್ಕೆ ಸುಮಾರು 0.08. ಬರೀ 48 ಇದ್ದರೆ 0.4, ಅಂದರೆ 3.6ರಿಂದ 4.5ರವರೆಗೆ ಎಲ್ಲಿ ಬೇಕಾದರೂ. ಇಷ್ಟು ಕಡಿಮೆ ರೇಟಿಂಗ್ ಇರುವಾಗ 68.6 ಮತ್ತು 75.4ರ ಅಂತರವನ್ನೂ ನಂಬಲಾಗದು. ಅಂಥ ಚಿತ್ರ ಬಂದರೆ ನಾನು ತೃಪ್ತಿಯ ಅಂಕ ಕೊಡುವುದೇ ಇಲ್ಲ, ಪಟ್ಟಿಯ ಆಕಾರ ಹೀಗಿದೆ, 1 ಸ್ಟಾರ್ ಕೊಟ್ಟವರು ಇಂತಿಂಥದ್ದು ಬರೆದಿದ್ದಾರೆ ಅಂತ ಹೇಳಿ, ಇನ್ನಷ್ಟು ರೇಟಿಂಗ್ ಬಂದ ಮೇಲೆ ಮತ್ತೆ ಕಳಿಸಲು ಹೇಳುತ್ತೇನೆ.