ಬೇಸಿಗೆಗೆ ಬುರ್ಖಾ ಹೊಲಿಸುವಾಗ

ಮಾರ್ಚ್ ಬಂತೆಂದರೆ ಹಾಸನದ ಟೈಲರ್ ಅಂಗಡಿಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: "ಕಪ್ಪು ಬಿಟ್ಟು ಬೇರೆ ಬಣ್ಣದಲ್ಲಿ ಹೊಲಿಸಿದರೆ ಸೆಖೆ ಕಮ್ಮಿ ಆಗುತ್ತಾ?" ಆಗುತ್ತದೆ, ಆದರೆ ಅಂದುಕೊಂಡಷ್ಟು ಅಲ್ಲ. ಬೆಡೊಯಿನ್ ಜನ ಮರುಭೂಮಿಯಲ್ಲಿ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆ ಎಂದು ಅಳೆದು ನೋಡಿದ ಅಧ್ಯಯನವೊಂದು 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು. ಕಪ್ಪು ಬಟ್ಟೆ ಬಿಸಿಲನ್ನು ಹೆಚ್ಚು ಹೀರಿದ್ದು ನಿಜ. ಆದರೆ ಮೈಗೆ ತಗಲಿದ ಬಿಸಿ ಬಿಳಿ ನಿಲುವಂಗಿಯಲ್ಲೂ ಕಪ್ಪಿನಲ್ಲೂ ಒಂದೇ ಆಗಿತ್ತು. ಹೆಚ್ಚುವರಿ ಬಿಸಿ ಚರ್ಮಕ್ಕೆ ಮುಟ್ಟುವ ಮೊದಲೇ ಗಾಳಿಯ ಪಾಲಾಗಿತ್ತು. ಇದಕ್ಕೆ ಎರಡು ಷರತ್ತುಗಳಿವೆ: ನಿಲುವಂಗಿ ಸಡಿಲವಾಗಿರಬೇಕು, ಒಳಗೆ ಗಾಳಿ ಓಡಾಡಬೇಕು. ಮೈಗಂಟಿದ ಕಪ್ಪು ಬಟ್ಟೆಗೆ ಈ ಮಾತು ಸಲ್ಲುವುದಿಲ್ಲ. ನೆರಳಿನಲ್ಲಿ, ಬಸ್ಸಿನೊಳಗೆ, ತರಗತಿಯಲ್ಲಿ ಬಣ್ಣದ ಲೆಕ್ಕವೇ ಬರುವುದಿಲ್ಲ, ಅಲ್ಲಿ ಬಟ್ಟೆ ಮತ್ತು ಕಟಿಂಗ್ ಎರಡೇ ಲೆಕ್ಕ.

ಕಪ್ಪಿಗೆ ಇನ್ನೊಂದು ಅನುಕೂಲವಿದೆ. ತಿಳಿ ಬಣ್ಣದಲ್ಲಿ ಒಳಗಿನ ಬಟ್ಟೆ ಕಾಣದಂತೆ ಮಾಡಲು ದಪ್ಪ ಬಟ್ಟೆ ಅಥವಾ ಲೈನಿಂಗ್ ಬೇಕು. ಕಪ್ಪಾದರೆ ತೆಳು ಬಟ್ಟೆಯ ಒಂದೇ ಪದರ ಸಾಕಾಗುತ್ತದೆ. ಲೈನಿಂಗ್ ಹಾಕಿದ ಬಿಳಿಗಿಂತ ಲೈನಿಂಗ್ ಇಲ್ಲದ ಕಪ್ಪು ಎಷ್ಟೋ ವಾಸಿ.

ಈಗ ಬಟ್ಟೆಯ ವಿಷಯ. ಅಂಗಡಿಗಳಲ್ಲಿ ಸಿಗುವ ರೆಡಿಮೇಡ್ ಬುರ್ಖಾಗಳಲ್ಲಿ ಹೆಚ್ಚಿನವು ನಿಡಾ, ಕ್ರೇಪ್ ಅಥವಾ ಜಾರ್ಜೆಟ್. ಮುಟ್ಟಿದರೆ ತಂಪು, ರೇಷ್ಮೆಯಂತೆ ಜಾರುತ್ತದೆ, ಇಸ್ತ್ರಿ ಬೇಡ. ಆದರೆ ಇವೆಲ್ಲ ಸಾಮಾನ್ಯವಾಗಿ ಪಾಲಿಯೆಸ್ಟರ್. ನೂರು ಗ್ರಾಂ ಪಾಲಿಯೆಸ್ಟರ್ ನೂಲು ಗಾಳಿಯಿಂದ ಅರ್ಧ ಗ್ರಾಂ ತೇವವನ್ನೂ ಹೀರುವುದಿಲ್ಲ. ಅಷ್ಟೇ ಹತ್ತಿ ಸುಮಾರು 8 ಗ್ರಾಂ ಹೀರಿದರೆ ವಿಸ್ಕೋಸ್, ಅಂದರೆ ನಾವು ರೇಯಾನ್ ಅನ್ನುವುದು, 11ರಿಂದ 13 ಗ್ರಾಂ ಹೀರುತ್ತದೆ. ಏಪ್ರಿಲ್ ಮಧ್ಯಾಹ್ನ ಮಳೆ ಕಟ್ಟಿಕೊಂಡು ಗಾಳಿ ನಿಂತಾಗ ನಿಡಾದೊಳಗೆ ಬೆವರು ಹನಿಯಾಗಿ ಇಳಿಯುವುದು ಇದರಿಂದಲೇ.

ಹಾಗಾದರೆ ರೇಯಾನ್ ತಗೊಳ್ಳೋಣವೇ? ಒಳ ಕುರ್ತಾಗೆ ಒಳ್ಳೆಯದು, ಮೇಲಿನ ಬುರ್ಖಾಗೆ ನಾನು ಹೇಳುವುದಿಲ್ಲ. ಬೆವರಿಗೆ ಒದ್ದೆಯಾದರೆ ಬೆನ್ನಿಗೆ ಅಂಟಿ ಮೈಯ ಆಕಾರ ತೋರುತ್ತದೆ, ಒದ್ದೆಯಲ್ಲಿ ಬಲವನ್ನೂ ಕಳೆದುಕೊಳ್ಳುತ್ತದೆ. ಹೊಲಿದ ಮೇಲೆ ಜೋತು ಬಿದ್ದು ಅಂಚು ಏರುಪೇರಾಗುತ್ತದೆ. ರೇಯಾನೇ ಬೇಕೆನ್ನುವವರು ಹೊಲಿದು ಒಂದು ರಾತ್ರಿ ಹ್ಯಾಂಗರ್‌ಗೆ ನೇತುಹಾಕಿ, ಮರುದಿನ ಅಂಚು ಸಮ ಮಾಡಿ ಹೆಮ್ಮಿಂಗ್ ಹಾಕಿಸಬೇಕು. ನನ್ನ ಆಯ್ಕೆ ಹತ್ತಿಯ ಕೇಂಬ್ರಿಕ್. ಅದಕ್ಕೆ ತುಸು ಗಡುಸು ಇರುವುದರಿಂದ ಮೈಯಿಂದ ದೂರ ನಿಲ್ಲುತ್ತದೆ, ಆ ಸಂದಿಯಲ್ಲಿ ಗಾಳಿ ಓಡಾಡುತ್ತದೆ. ತಲೆಯ ಮಕ್ನಾಕ್ಕೆ ವಾಯಿಲ್ ಅಥವಾ ಮಲ್‌ಮಲ್.

ಅಂಗಡಿಯವರು ಕಾಟನ್ ಅಂದರೆ ನಂಬಿ, ಆದರೆ ಅಂಚಿನಿಂದ ಎರಡು ನೂಲು ಎಳೆದುಕೊಳ್ಳಿ, ಉದ್ದದ ಹಾಸಿನಿಂದ ಒಂದು, ಅಡ್ಡದ ಹೊಕ್ಕಿನಿಂದ ಒಂದು. ಹಾಸು ಹತ್ತಿ, ಹೊಕ್ಕು ಪಾಲಿಯೆಸ್ಟರ್ ಇರುವ ಬಟ್ಟೆಗಳುಂಟು. ಸುಟ್ಟರೆ ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ನೀರಿನ ಹನಿ ಬಿಟ್ಟು ನೋಡುವವರು ಒಂದು ಮೂಲೆ ತೊಳೆದು ನೋಡಬೇಕು, ಹೊಸ ಹತ್ತಿಯ ಗಂಜಿ ಹೋಗದಿದ್ದರೆ ಅದರ ಮೇಲೂ ಹನಿ ನಿಂತೇ ಇರುತ್ತದೆ. ಕೊನೆಗೆ ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ. ಆಚೆ ಹಿಡಿದ ಅಂಗೈಗೆ ಉಸಿರು ತಾಕದಿದ್ದರೆ ಹತ್ತಿಯಾದರೂ ನೇಯ್ಗೆ ತೀರಾ ಒತ್ತು ಎಂದರ್ಥ.

ಕಟಿಂಗ್‌ಗೆ ಒಂದು ಲೆಕ್ಕ ತೆಗೆದುಕೊಳ್ಳೋಣ. ಹಾಸನದಿಂದ ಬೇಲೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಮೇಡಂ ಒಬ್ಬರಿಗೆ ಎಂದಿಟ್ಟುಕೊಳ್ಳಿ. ಎದೆ ಸುತ್ತಳತೆ 38 ಇಂಚು, ಬುರ್ಖಾ ಉದ್ದ 54. ಎದೆಗೆ 10 ಇಂಚು ಸಡಿಲ ಕೊಟ್ಟು 48ಕ್ಕೆ ಕತ್ತರಿಸಿ, ಕಂಕುಳಿನಿಂದ ನೇರವಾಗಿ ಅಗಲವಾಗುತ್ತ ಹೋಗುವ ಎ-ಲೈನ್. ಸೊಂಟದಲ್ಲಿ ಜೋಡಣೆ ಬೇಡ, ಬೆಲ್ಟ್ ಬೇಡ, ಎಲಾಸ್ಟಿಕ್ ಅಂತೂ ಬೇಡವೇ ಬೇಡ. ಕೆಳಗಿನಿಂದ ಬಂದ ಗಾಳಿ ಮೈ ಬಿಸಿಗೆ ಮೇಲೇರಿ ಕುತ್ತಿಗೆ, ತೋಳಿನಿಂದ ಹೊರಹೋಗಬೇಕು. ಸೊಂಟ ಬಿಗಿದರೆ ಹೊಗೆಗೂಡಿನ ನಡುವೆ ಬಟ್ಟೆ ತುರುಕಿದ ಹಾಗೆ.

ಬಟ್ಟೆ 44 ಇಂಚು ಪನ್ನ. ಮುಂದಿನ ಭಾಗಕ್ಕೆ ಹೊಲಿಗೆ, ಅಂಚು ಸೇರಿ 57 ಇಂಚು, ಹಿಂದಿನದಕ್ಕೂ ಅಷ್ಟೇ. ಕೆಳಗೆ ಪೂರ್ತಿ ಪನ್ನ ಬಳಸಿದರೆ ಘೇರು ಸುಮಾರು 86 ಇಂಚು ಬರುತ್ತದೆ, ಬಸ್ ಹತ್ತಲು ಧಾರಾಳ. ಇನ್ನೂ ಹೆಚ್ಚಿಸಿದರೆ ಭುಜಕ್ಕೆ ಭಾರ ಬೀಳುತ್ತದೆ, ಸ್ಕೂಟರ್‌ನವರಿಗೆ ಚಕ್ರದ ಭಯ. ತೋಳುಗಳು ಅಕ್ಕಪಕ್ಕ ಕೂರುತ್ತವೆ, ಅದಕ್ಕೆ 24 ಇಂಚು. ಒಟ್ಟು 138 ಇಂಚು, ಅಂದರೆ ಮೂರೂವರೆ ಮೀಟರ್. ಹತ್ತಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದರಿಂದ 4 ಮೀಟರ್ ತನ್ನಿ. ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸಲೇಬೇಕು. ಇದನ್ನು ಬಿಟ್ಟರೆ 54 ಇಂಚಿನ ಬುರ್ಖಾ ಮೊದಲ ಒಗೆತಕ್ಕೆ ಎರಡೂವರೆ ಇಂಚು ಮೇಲೇರಬಹುದು, ಆಮೇಲೆ ಬೈಗುಳ ಟೈಲರ್‌ಗೆ.

ಕಂಕುಳಲ್ಲಿ 4 ಇಂಚಿನ ಚೌಕ ತುಂಡೊಂದನ್ನು ಮೂಲೆ ಮೇಲಾಗಿ ಕೂರಿಸಿ. ಕೈ ಎತ್ತಿದಾಗ ಇಡೀ ಬುರ್ಖಾ ಎಳೆಯುವುದಿಲ್ಲ, ಬೆವರು ಹೆಚ್ಚಾಗುವ ಜಾಗದಲ್ಲಿ ಬಟ್ಟೆ ಒತ್ತುವುದೂ ಇಲ್ಲ. ತೋಳಿನ ಬಾಯಿ 12ರಿಂದ 14 ಇಂಚು ಸುತ್ತು ಇರಲಿ, ಗಾಡಿ ಓಡಿಸುವಾಗ ಬಿಗಿಯಲು ಒಳಗಡೆ ಒಂದು ಗುಂಡಿ ಸಾಕು.

ಬೆನ್ನಿಗೆ ಗಾಳಿಕಿಂಡಿ ಬೇಕಾದರೆ ಹಿಂಭಾಗವನ್ನು ಎರಡಾಗಿ ಕತ್ತರಿಸಬೇಕು. ಭುಜದಿಂದ 7 ಇಂಚಿನ ಯೋಕ್, ಅದರ ಕೆಳಗೆ ಉಳಿದ ಭಾಗ. ಕೆಳಭಾಗವನ್ನು ಯೋಕ್‌ಗೆ ಹೊಲಿಯದೆ, ಭುಜದಿಂದ ಇಳಿಬಿಟ್ಟ ಮೆತ್ತನೆಯ ಜಾಲಿ ಬಟ್ಟೆಗೆ ಹೊಲಿಯಿರಿ. ಯೋಕ್ ಅದರ ಮೇಲೆ 2 ಇಂಚು ಮುಚ್ಚುವಂತೆ ಬರಲಿ, ಎರಡು ಬದಿಗೂ ನಡುವೆಯೂ ಒಂದೊಂದು ಟಾಕ ಮಾತ್ರ. ಹೊರಗೆ ಏನೂ ಕಾಣುವುದಿಲ್ಲ. ಜಾಲಿ ಹಾಕದೆ ಯೋಕ್‌ಗೆ ಮೂರು ಟಾಕ ಹಾಕಿ ಬಿಟ್ಟರೆ ಕೆಳಭಾಗದ ತೂಕಕ್ಕೆ ಕಿಂಡಿ ಬಾಯಿ ತೆರೆದು ನೇತಾಡುತ್ತದೆ. ಆದರೆ ಮಕ್ನಾ ಸೊಂಟದವರೆಗೆ ಇಳಿಯುವಂತೆ ಹಾಕುವವರಿಗೆ ಈ ಕಿಂಡಿ ದಂಡ. ಆ ದುಡ್ಡನ್ನು ಮಕ್ನಾದ ಬಟ್ಟೆಗೆ ಹಾಕಿ.

ಎದೆಯ ಮೇಲೆ ಕಲ್ಲು, ದಪ್ಪ ಎಂಬ್ರಾಯ್ಡರಿ ಬೇಡ. ಅದರ ಹಿಂದೆ ಅಂಟಿಸುವ ಕ್ಯಾನ್ವಾಸ್ ಗಾಳಿಯನ್ನು ಪೂರ್ತಿ ತಡೆಯುತ್ತದೆ. ಇಷ್ಟೆಲ್ಲ ಮಾಡಿ ಒಳಗೆ ಲೈಕ್ರಾ ಲೆಗ್ಗಿಂಗ್ಸ್, ಪಾಲಿಯೆಸ್ಟರ್ ಕುರ್ತಾ ತೊಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಚಿಕ್ಕಮಗಳೂರಿನ ಕಾನ್ವೆಂಟ್ ಸಿಸ್ಟರ್‌ಗಳ ನಿಲುವಂಗಿಗೂ ಕೋರ್ಟಿನ ಗೌನಿಗೂ ಇದೇ ಲೆಕ್ಕ.

ಹತ್ತಿಯ ಕಪ್ಪು ಬೇಗ ಮಾಸುತ್ತದೆ. ಮಗುಚಿ ಒಗೆದು, ಮಗುಚಿಯೇ ನೆರಳಲ್ಲಿ ಒಣಗಿಸಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಲೆನಾಡಿನ ಕಡೆಯವರು ನಿಡಾಕ್ಕೇ ಮರಳುವುದು ಲೇಸು. ಆ ಶೀತದಲ್ಲಿ ಹತ್ತಿ ಒಣಗದೆ ಬೂಷ್ಟು ಹಿಡಿಯುತ್ತದೆ, ನಿಡಾ ಹಜಾರದ ಹಗ್ಗದಲ್ಲೇ ಬೇಗ ಒಣಗುತ್ತದೆ.